ಅತ್ತಿಗೆ ಓದಿದ ಆಟ

ನವಿ ಮುಂಬಯಿಯ ಮಹಾಪೆಯ ಒಂದು ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಾಗ ನನ್ನ ಮಗಳೇ ಮೊದಲು ನಕ್ಕಳು. "ಅಮ್ಮಾ, ತುಮ್ ಗೇಮ್ ಖೇಲೋಗಿ? ಅದಕ್ಕೆ ಪಗಾರ್ ಕೊಡ್ತಾರಾ?" ಎಂದಳು. ಕೊಡುತ್ತಿದ್ದರು. ಅದೊಂದು ಸಣ್ಣ ಕಂಪನಿ. ಮೊಬೈಲಿನಲ್ಲಿ ಆಡುವ ಕಥೆಯಾಟಗಳನ್ನು ತಯಾರಿಸುತ್ತಿತ್ತು. ಡೇಟಾ ಅಗ್ಗವಾಗಿ, ಲೋಕಲ್ ಟ್ರೇನಿನಲ್ಲಿ ಎಲ್ಲರ ಕೈಯಲ್ಲೂ ಫೋನು ಬೆಳಗತೊಡಗಿದ್ದ ಕಾಲ. ಹಿಂದಿಯಲ್ಲಿ ಬರೆದ ಆಟವನ್ನು ಮರಾಠಿ, ಕನ್ನಡ, ತಮಿಳಿನಲ್ಲೂ ಬಿಟ್ಟರೆ ಆಡುವವರು ಹೆಚ್ಚುತ್ತಾರೆಂದು ಅವರ ಲೆಕ್ಕ. ಕನ್ನಡ ಓದಬಲ್ಲವರು ಬೇಕು ಎಂಬ ಸುದ್ದಿ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಬಂತು. ನಾನು ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಕಲಿತವಳು, ವಿಜಯಪುರದಿಂದ ಕಲ್ಯಾಣಕ್ಕೆ ಬಂದ ರೈಲ್ವೆ ಗುಮಾಸ್ತರ ಮಗಳು. ಹೋಗಿ ನೋಡಿದೆ, ತೆಗೆದುಕೊಂಡರು.

ನನ್ನ ಕೆಲಸ ಅನುವಾದವಲ್ಲ. ಅನುವಾದವನ್ನು ಬೇರೊಂದು ಏಜೆನ್ಸಿ ಮಾಡಿ ಕಳಿಸುತ್ತಿತ್ತು. ಅದನ್ನು ಆಟದೊಳಗೆ ಹಾಕಿದ ಮೇಲೆ ನಾನು ಆಡಿ ನೋಡಿ, ಎಲ್ಲಿ ತಪ್ಪಿದೆಯೋ ಅದನ್ನು ಫೋಟೋ ಸಮೇತ ಬರೆದು ಕೊಡಬೇಕಿತ್ತು. ಮೊದಲ ವಾರ ಬರೀ ಅಕ್ಷರಗಳ ಜೊತೆ ಗುದ್ದಾಟ. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದವು. 'ಅಕ್ಕ' ಎಂದು ಬರೆದದ್ದು ಪರದೆಯ ಮೇಲೆ 'ಅಕ್‌ಕ' ಆಗಿ ನಿಲ್ಲುತ್ತಿತ್ತು. ಆ ಸಾಫ್ಟ್‌ವೇರಿಗೆ ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಅಕ್ಷರ ಇಡುವುದು ಗೊತ್ತಿತ್ತೇ ಹೊರತು, ಒಂದರ ಕೆಳಗೆ ಇನ್ನೊಂದನ್ನು ಸೇರಿಸುವುದು ಗೊತ್ತಿರಲಿಲ್ಲ. ಅದಕ್ಕೆ ಹುಡುಗರು ಬೇರೇನೋ ಜೋಡಿಸಿ ಸರಿಮಾಡಿದರು. ಆಮೇಲೆ ನೋಡಿದರೆ ಕೆಳಗಿನ ಸಾಲಿನ ಒತ್ತುಗಳು ಸಬ್‌ಟೈಟಲಿನ ಕಪ್ಪು ಪಟ್ಟಿಯ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿಹೋಗುತ್ತಿದ್ದವು.

ಇನ್ನು ಪದಗಳು. ಮೆನುವಿನ ಮೂಲ ಇಂಗ್ಲಿಷ್; 'ಬ್ಯಾಕ್', ಅಂದರೆ ಹಿಂದೆ ಹೋಗುವ ಬಟನ್ನಿನ ಮೇಲೆ 'ಬೆನ್ನು' ಎಂದಿತ್ತು. 'ಸೇವ್', ಅಂದರೆ ಆಟವನ್ನು ಅಲ್ಲಿಯವರೆಗೆ ಉಳಿಸಿಡುವ ಕಡೆ 'ಉಳಿತಾಯ' ಎಂದಿತ್ತು, ಯಾವುದೋ ಬ್ಯಾಂಕಿನ ಕೌಂಟರಿನಂತೆ. ಆ ಅನುವಾದಕರನ್ನು ಬೈಯಲು ನನಗೆ ಮನಸ್ಸಾಗುತ್ತಿರಲಿಲ್ಲ. ಅವರ ಮುಂದೆ ಆಟ ಇರಲಿಲ್ಲ. ಎಕ್ಸೆಲ್ ಹಾಳೆಯಲ್ಲಿ ಒಂದರ ಕೆಳಗೊಂದು ಬಿಡಿ ಸಾಲು, ಯಾರು ಯಾರಿಗೆ ಹೇಳಿದ್ದು, ಎಲ್ಲಿ ಹೇಳಿದ್ದು ಏನೂ ಇಲ್ಲ. ಕತ್ತಲೆಯಲ್ಲಿ ಕೂತು ಬಟ್ಟೆ ಮಡಚಿದ ಹಾಗೆ.

ಆ ಆಟದಲ್ಲಿ ಊರು ಬಿಟ್ಟುಹೋದ ಅಣ್ಣನನ್ನು ಹುಡುಕಿಕೊಂಡು ಒಬ್ಬ ಹುಡುಗಿ ನದಿ ತೀರದ ಪಟ್ಟಣವೊಂದಕ್ಕೆ ಬರುತ್ತಾಳೆ. ಸಿಕ್ಕಸಿಕ್ಕವರನ್ನು ವಿಚಾರಿಸುತ್ತಾಳೆ. ಆಡುವವರು ಅವಳ ಪರವಾಗಿ ಏನು ಕೇಳಬೇಕು, ಎಲ್ಲಿಗೆ ಹೋಗಬೇಕು ಎಂದು ಆರಿಸಬೇಕು. ಮಾತೆಲ್ಲ ಹಿಂದಿಯಲ್ಲಿ, ನಟರು ಆಡಿದ್ದು. ಕೆಳಗೆ ನಮಗೆ ಬೇಕಾದ ಭಾಷೆಯ ಸಬ್‌ಟೈಟಲ್.

ತಂಡದ ಮುಖ್ಯಸ್ಥ ಇನ್ನೂ ಮೂವತ್ತು ದಾಟದ ಮರಾಠಿ ಹುಡುಗ, ನನ್ನನ್ನು ತಾಈ, ಅಂದರೆ ಅಕ್ಕ, ಎನ್ನುತ್ತಿದ್ದ. ಒಂದು ದಿನ ಅವನು, "ತಾಈ, ಕನ್ನಡ ಓದೋರು, ಗೇಮ್ ಗೊತ್ತಿಲ್ಲದೋರು ಯಾರಾದ್ರೂ ಇದ್ದಾರಾ ನಿಮ್ಮ ಮನೇಲಿ? ಅವರಿಗೆ ಕೊಟ್ಟು ನೋಡಿ," ಎಂದು ಮರಾಠಿಯಲ್ಲಿ ಹೇಳಿ ಟೆಸ್ಟಿಂಗ್ ಫೋನನ್ನೇ ಮನೆಗೆ ಕಳಿಸಿದ. ನನಗೆ ಥಟ್ಟನೆ ನೆನಪಾದದ್ದು ಅತ್ತಿಗೆ.

ಅತ್ತಿಗೆ ನನ್ನ ಗಂಡನ ಅಕ್ಕ. ಮದುವೆಯಾಗದೆ ಉಳಿದವರು. ಠಾಕುರ್ಲಿಯ ನಮ್ಮ ಮನೆಯಲ್ಲೇ ಇರುತ್ತಿದ್ದರು. ಅಕ್ಕ ತಮ್ಮ ಮಾತಾಡಿಕೊಳ್ಳುತ್ತಿದ್ದದ್ದು ತುಳುವಿನಲ್ಲಿ, ನನ್ನ ಜೊತೆ ಮಾತ್ರ ಕನ್ನಡ. ಠಾಣೆಯ ಒಂದು ಕಾರ್ಖಾನೆಯಲ್ಲಿ ಅವರು ವರ್ಷಗಟ್ಟಲೆ ಟೆಲಿಫೋನ್ ಆಪರೇಟರ್ ಆಗಿದ್ದರು. ಬೋರ್ಡಿನ ಮುಂದೆ ಕೂತು, ಹೊರಗಿಂದ ಬಂದ ಫೋನನ್ನು ಒಳಗಿನವರಿಗೆ ಜೋಡಿಸುವ ಕೆಲಸ. ಹಲೋ ಅಂದರೆ ಸಾಕು, ಯಾರೆಂದು ಹೇಳುತ್ತಿದ್ದರಂತೆ. ಅಂಥವರಿಗೇ ನಲವತ್ತೈದರ ಆಸುಪಾಸಿನಲ್ಲಿ ಕಿವಿ ಮಂದವಾಗತೊಡಗಿತು. ಮೊದಲು ಮಕ್ಕಳ ಸಣ್ಣ ದನಿ ಹೋಯಿತು, ಆಮೇಲೆ ಹೆಂಗಸರದು, ಆಮೇಲೆ ಕೆಲಸ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟೆವು. ಹಾಕಿಕೊಂಡರೆ ಮಿಕ್ಸಿ, ಕುಕ್ಕರು, ಗಾಡಿಯ ಹಾರ್ನು ಎಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗುತ್ತವೆ, ಮಾತೊಂದೇ ಬರುವುದಿಲ್ಲ ಎಂದು ಅದನ್ನು ಡಬ್ಬಿಯಲ್ಲಿಟ್ಟರು. ಎಡ ಕಿವಿಯ ಹತ್ತಿರ, ಮುಖ ಕಾಣುವಂತೆ ನಿಂತು ಗಟ್ಟಿಯಾಗಿ ಹೇಳಿದರೆ ತಿಳಿಯುತ್ತಿತ್ತು. ಆದರೆ ಹಾಗೆ ಎಷ್ಟು ಮಾತಾಡುತ್ತೇವೆ? ಉಪ್ಪು ಕೊಡಿ, ಊಟಕ್ಕೆ ಬನ್ನಿ. ಮನೆಯಲ್ಲಿ ಯಾರೋ ಏನೋ ಹೇಳಿ ನಕ್ಕಾಗ ಅವರೂ ಒಂದು ಕ್ಷಣ ತಡವಾಗಿ ನಗುತ್ತಿದ್ದರು. ಅದನ್ನು ನೋಡುವುದೇ ಕಷ್ಟವಾಗುತ್ತಿತ್ತು.

ಫೋನನ್ನು ಅವರ ಕೈಗೆ ಕೊಟ್ಟು, ಸೆಟ್ಟಿಂಗಿನಲ್ಲಿ ಭಾಷೆ ಕನ್ನಡ ಮಾಡಿ, ಸಬ್‌ಟೈಟಲ್ ಆನ್ ಮಾಡಿ, ಅಕ್ಷರ ದೊಡ್ಡದಿರಲಿ ಎಂದು ಆರಿಸಿ ಕೊಟ್ಟೆ.

"ಎಂತದು ಮಾರಾಯ್ತಿ ಇದು? ಈ ವಯಸ್ಸಲ್ಲಿ ನನಗೆ ಆಟವಾ?" ಎಂದರು.

"ಆಟ ಅಲ್ರಿ ಅತ್ತಿಗೆ, ಕಥಿ. ಓದಿಕೋತ ಹೋಗೂದು ಅಷ್ಟ."

"ಹಿಂದಿಯಲ್ಲಿ ಉಂಟಾ ಅಕ್ಷರ?"

"ಕನ್ನಡದಾಗ."

ಫೋನನ್ನು ಸ್ವಲ್ಪ ದೂರ ಹಿಡಿದು ನೋಡಿದರು. ಆಮೇಲೆ ಅಂದರು, "ಹಿಂದಿ ನಾನು ಓದ್ತೇನೆ. ಕನ್ನಡವನ್ನು ಓದ್ಲಿಕ್ಕೆ ಬೇಡ, ಕಣ್ಣಿಗೆ ಬಿದ್ದರೆ ಸಾಕು."

ಮಾರನೆಯ ಸಂಜೆ ಕೆಲಸದಿಂದ ಬಂದಾಗ ಅವರು ಕಿಟಕಿಯ ಬಳಿ ಕೂತು ಆಡುತ್ತಿದ್ದರು. ನನ್ನನ್ನು ನೋಡಿ ದೂರು ಶುರು. ಹುಡುಗಿ ಮಾತಾಡಿದ್ದು ಪೂರ್ತಿ ಓದುವ ಮೊದಲೇ ಸಾಲು ಮಾಯವಾಗುತ್ತದೆ. ಹೌದು, ಹಿಂದಿಯ ಮಾತು ಮುಗಿದ ಕೂಡಲೇ ಸಬ್‌ಟೈಟಲ್ ಹೋಗುವಂತೆ ಇಟ್ಟಿದ್ದರು. ಆದರೆ ಕನ್ನಡದ ಸಾಲು ಹಿಂದಿಗಿಂತ ಉದ್ದ. ಅಕ್ಷರ ದೊಡ್ಡದು ಮಾಡಿದರೆ ಮೂರು ಸಾಲಾಗಿ ಮಾತಾಡುವವರ ಬಾಯಿ ಮುಚ್ಚಿಹೋಗುತ್ತದೆ. "ನನಗೆ ಬಾಯಿ ಕಾಣಬೇಕು. ಅರ್ಧ ಮಾತು ಬಾಯಿ ನೋಡಿಯೇ ಗೊತ್ತಾಗುವುದು," ಎಂದರು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಇಬ್ಬರು ಪರದೆಯ ಮೇಲಿದ್ದರೆ ಮಾತು ಯಾರದೆಂದೂ ತಿಳಿಯುವುದಿಲ್ಲ. ಎಲ್ಲ ಬರೆದುಕೊಂಡೆ.

ಎರಡು ದಿನ ಕಳೆದ ಮೇಲೆ ಫೋನನ್ನು ಮೇಜಿನ ಮೇಲೆ ಕವುಚಿಹಾಕಿ ಕೂತಿದ್ದರು.

"ಯಾಕ್ರಿ ಅತ್ತಿಗೆ?"

"ನನ್ನಿಂದ ಆಗುದಿಲ್ಲ. ಕಿವಿ ಮಾತ್ರ ಹೋದದ್ದು ಅಂತ ಮಾಡಿದ್ದೆ. ತಲೆಯೂ ಹೋಗಿ ಆಯ್ತು."

ಆಟದಲ್ಲಿ ನದಿಯ ಘಾಟಿನಲ್ಲಿ, ದೋಣಿ ಹತ್ತುವ ಮೆಟ್ಟಿಲ ಬಳಿ, ಒಬ್ಬ ಮುದಿ ಕಾವಲುಗಾರ ಇದ್ದಾನೆ. ಹುಡುಗಿ ಅವನ ಬಳಿ ಅಣ್ಣನ ಫೋಟೋ ತೋರಿಸಿ ಕೇಳುತ್ತಾಳೆ. ಅವನು ಉತ್ತರಿಸುತ್ತಾನೆ. ಆಮೇಲೆ ಎರಡು ಆಯ್ಕೆ: ಇಲ್ಲೇ ಕಾಯುವುದು, ಇಲ್ಲವೇ ಆಚೆ ದಡಕ್ಕೆ ಹೋಗುವುದು. ಅತ್ತಿಗೆ ಪ್ರತಿಸಲ ಕಾಯುವುದನ್ನೇ ಆರಿಸುತ್ತಿದ್ದರು. ಪ್ರತಿಸಲ ನದಿಗೆ ನೆರೆ ಬಂದು ಘಾಟು ಮುಚ್ಚಿ, ಆಟ ಮತ್ತೆ ಆ ಅಧ್ಯಾಯದ ಶುರುವಿಗೆ ಬರುತ್ತಿತ್ತು. ನಾನು ಇನ್ನೂ ಆ ಭಾಗಕ್ಕೆ ಬಂದಿರಲಿಲ್ಲ. ಆಫೀಸಿನಲ್ಲಿ ಮೆನು, ಬಟನ್ನುಗಳನ್ನೇ ನೋಡುತ್ತಿದ್ದೆ.

ಕಾಲೇಜಿನಿಂದ ಬಂದ ಮಗಳು ಫೋನನ್ನು ಎತ್ತಿಕೊಂಡಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಸೌಂಡ್ ಜೋರು ಮಾಡಿ ಕೇಳಿಸಿಕೊಂಡಳು, ಆಚೆ ದಡಕ್ಕೆ ಹೋಗುವುದನ್ನು ಒತ್ತಿದಳು. ದೋಣಿ ಹೊರಟೇಬಿಟ್ಟಿತು.

ಅತ್ತಿಗೆಯ ಮುಖ ಇನ್ನಷ್ಟು ಇಳಿಯಿತು. "ನೋಡು, ಅವಳಿಗೆ ಒಂದೇ ಸಲಕ್ಕೆ."

"ನೀ ಹ್ಯಾಂಗ ತಿಳ್ಕೊಂಡಿ?" ಎಂದು ಮಗಳನ್ನು ಕೇಳಿದೆ.

"ಅರೇ, ವೋ ಬೋಲಾ ನಾ, ಅಣ್ಣ ಹೋಗಿಬಿಟ್ಟ. ಕಲ್ ವಾಲೀ ನಾವ್ ಸೇ."

ಅತ್ತಿಗೆ ಅವಳ ತುಟಿಯನ್ನೇ ನೋಡುತ್ತಿದ್ದರು. "ಎಂತ ಹೇಳಿದ್ದು? ಇನ್ನೊಮ್ಮೆ ಹೇಳು."

ಮಗಳು ಅವರೆದುರು ಮಂಡಿಯೂರಿ ಕೂತು ಬಿಡಿಸಿ ಹೇಳಿದಳು, "ಕಲ್. ವಾಲೀ. ನಾವ್."

"ಇಲ್ಲಿ ಬರೆದದ್ದು ನಾಳೆಯ ದೋಣಿ ಅಂತ."

ನಾನು ಫೋನು ಕಸಿದುಕೊಂಡು ಆಟದಲ್ಲಿ ಹಿಂದಕ್ಕೆ ಹೋಗಿ ನೋಡಿದೆ. ಹೌದು. 'ಅಣ್ಣನಾ? ನಾಳೆಯ ದೋಣಿ.' ಹಿಂದಿಯಲ್ಲಿ ನಾವ್ ಎಂದರೆ ದೋಣಿ; ಕಲ್ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಆ ಸಾಲಿನಲ್ಲಿ ಕ್ರಿಯಾಪದವೇ ಇರಲಿಲ್ಲ. ಮುದುಕ ಬೇಸರದಿಂದ, ಕೈಯನ್ನು ಆಚೆ ದಡದ ಕಡೆ ಬೀಸಿ ಹೇಳುತ್ತಾನೆ; ಕೇಳಿದವರಿಗೆ ಅದು ನಿನ್ನೆ ಎಂದು ಗೊತ್ತಾಗುತ್ತದೆ. ಎಕ್ಸೆಲ್ ಹಾಳೆಯಲ್ಲಿ ಮುದುಕನೂ ಇಲ್ಲ, ಕೈಯೂ ಇಲ್ಲ. ಅನುವಾದಕರು ಎರಡರಲ್ಲಿ ಒಂದನ್ನು ಆರಿಸಿದ್ದರು.

"ನಾಳೆ ಬರ್ತಾನೆ ಅಂತ ಹೇಳಿದ ಮೇಲೆ ಯಾರಾದರೂ ಕಾಯುದೇ ಅಲ್ವಾ?" ಎಂದರು ಅತ್ತಿಗೆ. ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ನೋಡಿ ನನಗೆ ಸಮಾಧಾನವಾಯಿತು. ಅದುವರೆಗೆ ಅವರು ತಮ್ಮ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದರು.

ಅಲ್ಲಿಂದ ಅವರಿಬ್ಬರೂ ಒಟ್ಟಿಗೆ ಆಡತೊಡಗಿದರು. ಮಗಳು ಕೇಳುವುದು, ಅತ್ತಿಗೆ ಓದುವುದು. ಎರಡೂ ತಾಳೆಯಾಗದಿದ್ದರೆ ಜಗಳ. "ಅತ್ತೆ, ವೋ ಐಸಾ ನಹೀ ಬೋಲಾ!" "ಹಾಗಾದರೆ ಇಲ್ಲಿ ಯಾಕೆ ಹೀಗೆ ಬರೆದದ್ದು?" ಆ ಜಗಳಗಳಿಂದ ನನಗೆ ಸಿಕ್ಕಷ್ಟು ತಪ್ಪುಗಳು ಆಫೀಸಿನಲ್ಲಿ ಒಬ್ಬಳೇ ಕೂತು ನೋಡಿದರೆ ಸಿಗುತ್ತಿರಲಿಲ್ಲ. ಅಜ್ಜಿಯೊಬ್ಬಳು ಹುಡುಗಿಗೆ 'ತಾವು' ಎನ್ನುತ್ತಿದ್ದಳು. ಚಹಾದಂಗಡಿಯವನು ಪಾಠಪುಸ್ತಕದ ಕನ್ನಡ ಆಡುತ್ತಿದ್ದ. ಅದಕ್ಕೇನು ಮಾಡುವುದೆಂದು ನಮ್ಮಲ್ಲೇ ವಾದವಾಯಿತು. ನಾನು ನಮ್ಮ ಕಡೆಯ ಮಾತು ಹಾಕೋಣ ಎಂದೆ. "ನಿಮ್ಮ ಕಡೆಯದ್ದು ನಮಗೆ ಬೇಡ, ನಮ್ಮ ಕಡೆಯದ್ದು ಬೆಂಗಳೂರಿನವರಿಗೆ ಬೇಡ. ಯಾರೂ ಎಡವದ ಹಾಗೆ ಸಣ್ಣ ಸಣ್ಣ ಮಾತು ಬರಿ," ಎಂದರು ಅತ್ತಿಗೆ. ತಿದ್ದುಪಡಿಯ ಪಟ್ಟಿಯಲ್ಲಿ ಹಾಗೆಯೇ ಬರೆದುಕೊಟ್ಟೆ.

ಆದರೆ ಮಂಜು ಕವಿದ ನದಿಯಲ್ಲಿ ದೋಣಿ ನಡೆಸುವ ಭಾಗಕ್ಕೆ ಬಂದಾಗ ಅತ್ತಿಗೆ ಒಬ್ಬರೇ ಇದ್ದರು, ಅಲ್ಲಿಂದ ಮುಂದೆ ಹೋಗಲು ಆಗಲೇ ಇಲ್ಲ. ಈ ಸಲ ತಪ್ಪು ಎಲ್ಲಿದೆಯೆಂದು ನನಗೂ ತಿಳಿಯಲಿಲ್ಲ; ನಾನು ಆಡಿದರೆ ದೋಣಿ ದಾಟುತ್ತಿತ್ತು, ಸಬ್‌ಟೈಟಲ್ ಎಲ್ಲ ಸರಿಯಿತ್ತು. ಮುಖ್ಯಸ್ಥನಿಗೆ ಹೇಳಿದಾಗ, "ಅವರನ್ನೇ ಕರಕೊಂಡು ಬನ್ನಿ ತಾಈ," ಎಂದ.

ಅತ್ತಿಗೆ ಗಟ್ಟಿ ಅಂಚಿನ ಹತ್ತಿ ಸೀರೆ ಉಟ್ಟರು, ಕೆಲಸಕ್ಕೆ ಹೋಗುತ್ತಿದ್ದಾಗಿನ ಕೈಚೀಲ ತೆಗೆದರು. ಠಾಣೆಯಲ್ಲಿ ಇಳಿದು ವಾಶಿಯ ಗಾಡಿ ಹಿಡಿಯುವಾಗ ಅವರೇ ಮುಂದೆ ನಡೆದರು. ಎಷ್ಟೋ ವರ್ಷದ ಮೇಲೆ ಆಫೀಸಿನ ಹೊತ್ತಿನ ಜನರ ನಡುವೆ ಹೋಗುತ್ತಿದ್ದೇನೆ ಎಂದು ಲೇಡೀಸ್ ಡಬ್ಬಿಯಲ್ಲಿ ನನ್ನ ಕಡೆ ಬಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು. ಘಣಸೋಲಿಯಲ್ಲಿ ಇಳಿದು ಶೇರ್ ರಿಕ್ಷಾ.

ಆಫೀಸಿನಲ್ಲಿ ಹುಡುಗರೆಲ್ಲ ಅವರ ಹಿಂದೆ ನಿಂತರು. ಏನೂ ಹೇಳಿಕೊಡಬಾರದು, ಬರೀ ನೋಡಬೇಕು ಎಂದು ಮುಖ್ಯಸ್ಥ ಮೊದಲೇ ಎಚ್ಚರಿಸಿದ್ದ. ಪರದೆಯ ತುಂಬ ಮಂಜು. ಅತ್ತಿಗೆ ದೋಣಿಯನ್ನು ಎಡಕ್ಕೆ ಬಿಟ್ಟರು, ಬಂಡೆಗೆ ಬಡಿಯಿತು. ಬಲಕ್ಕೆ ಬಿಟ್ಟರು, ಮರಳಿನಲ್ಲಿ ಸಿಕ್ಕಿತು. ನೇರ ಬಿಟ್ಟರು. ಒಬ್ಬ ಹುಡುಗ ತಾಳಲಾರದೆ ಬಾಯಿ ತೆರೆದ, ಮುಖ್ಯಸ್ಥ ಅವನ ತೋಳು ಹಿಡಿದ. ಕೊನೆಗೆ ಅತ್ತಿಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

ಮುಖ್ಯಸ್ಥ ಅವರ ಎಡಕ್ಕೆ, ಮುಖ ಕಾಣುವಂತೆ ಕುಕ್ಕರಗಾಲಲ್ಲಿ ಕೂತ. "ಮಾವಶಿ," ಎಂದು ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಕರೆದು, "ಘಂಟಿಯ ಕಡೆ ಹೋಗಬೇಕು," ಎಂದ.

"ಯಾವ ಗಂಟೆ?"

ಆಟದಲ್ಲಿ ಮಂಜಿನಾಚೆ ದಡದ ದೇವಸ್ಥಾನದಲ್ಲಿ ಗಂಟೆ ಮೊಳಗುತ್ತದೆ. ಅದು ಯಾವ ಕಿವಿಗೆ ಕೇಳುತ್ತದೋ ಆ ಕಡೆ ದೋಣಿ ತಿರುಗಿಸಬೇಕು. ಆ ಗಂಟೆಯ ದನಿಗೆ ಹುಡುಗರು ತಿಂಗಳುಗಟ್ಟಲೆ ಕೆಲಸ ಮಾಡಿದ್ದರು. ಮಾತಿಗೆಲ್ಲ ಸಬ್‌ಟೈಟಲ್ ಇತ್ತು. ಗಂಟೆ ಮಾತಲ್ಲವಲ್ಲ, ಅದಕ್ಕೆ ಏನೂ ಇರಲಿಲ್ಲ. ನಾನೂ ಮನೆಯಲ್ಲಿ ಆ ಗಂಟೆಯನ್ನು ಕೇಳಿಸಿಕೊಂಡೇ ದಾಟಿದ್ದೆ. ಅದೇ ದಾರಿ ಎಂದು ನನ್ನ ಕೈಗೆ ತಿಳಿದಿತ್ತು, ತಲೆಗೆ ಹೊಳೆದಿರಲಿಲ್ಲ.

"ಸಬ್‌ಟೈಟಲ್ ಅಂದ್ರೆ ಭಾಷೆ ಬಾರದವರಿಗೆ ಅಂತಲೇ ನಾವು ತಿಳ್ಕೊಂಡಿದ್ದು," ಎಂದ ಮುಖ್ಯಸ್ಥ, ನನ್ನ ಕಡೆ ತಿರುಗಿ. ಅತ್ತಿಗೆಗೆ ಚಹಾ ತರಿಸಿದ. ಅವರ ಎದುರು ಕೂತು, ನಿಧಾನವಾಗಿ, ತುಟಿ ಕಾಣುವಂತೆ, ಇನ್ನೇನೇನು ತೊಂದರೆಯಾಯಿತು ಎಂದು ಒಂದೊಂದಾಗಿ ಕೇಳಿದ. ಅಷ್ಟು ಹೊತ್ತು ಅವರೊಡನೆ ಮಾತಾಡಿದ ಹೊರಗಿನವರನ್ನು ನಾನು ನೋಡಿರಲಿಲ್ಲ.

ಬಿಡುಗಡೆ ಹತ್ತಿರವಿತ್ತು. ಆದರೂ ಹುಡುಗರು ಬದಲಾಯಿಸಿದರು. ಮಾತಾಡುವವರ ಹೆಸರು ಸಾಲಿನ ಮೊದಲು ಬೇರೆ ಬಣ್ಣದಲ್ಲಿ ಬರುವಂತಾಯಿತು. ಪರದೆ ಮುಟ್ಟುವವರೆಗೆ ಸಾಲು ನಿಲ್ಲುವ ಒಂದು ಆಯ್ಕೆ, ಸಾಲುಗಳನ್ನು ಮೇಲಕ್ಕೆ ಒಯ್ಯುವ ಇನ್ನೊಂದು. ಅದರ ಕೆಳಗೆ 'ಶಬ್ದಗಳನ್ನೂ ತೋರಿಸು' ಎಂದು ಹೊಸದೊಂದು. ಅದನ್ನು ಆನ್ ಮಾಡಿದರೆ ಕಂಸದೊಳಗೆ ಶಬ್ದದ ವಿವರ, ಎಡವೋ ಬಲವೋ ತೋರಿಸುವ ಬಾಣ.

ಶಬ್ದಗಳ ಕನ್ನಡವೂ ಏಜೆನ್ಸಿಯಿಂದಲೇ ಬಂತು. ಮೊದಲನೆಯದನ್ನು ಓದಿದ ಅತ್ತಿಗೆ ಕನ್ನಡಕ ತೆಗೆದು ನನ್ನನ್ನು ನೋಡಿದರು. 'ಹುಟ್ಟಿನ ಶಬ್ದ.'

"ಯಾರಿಗೆ ಮಗು ಆದದ್ದು?"

ದೋಣಿಯ ಹುಟ್ಟು! ಮಗಳಿಗೆ ವಿವರಿಸಿದಾಗ ಅವಳೂ ನಕ್ಕಳು, ಅತ್ತಿಗೆಯ ಜೊತೆಗೇ, ಒಂದೇ ಹೊತ್ತಿಗೆ. ಉಳಿದದ್ದೂ ಹೀಗೆಯೇ. ಬಾಗಿಲಿನ ಶಬ್ದ, ಮಳೆಯ ಶಬ್ದ, ಹಗ್ಗದ ಶಬ್ದ. ಇವನ್ನೆಲ್ಲ ನಾನೇ ಹೊಸದಾಗಿ ಬರೆಯಲೇ ಎಂದು ಕೇಳಿದೆ, ಮುಖ್ಯಸ್ಥ ಒಪ್ಪಿದ.

ರಾತ್ರಿ ಊಟವಾದ ಮೇಲೆ ಅತ್ತಿಗೆ ಮತ್ತು ನಾನು ಕೂರುತ್ತಿದ್ದೆವು. ನಾನು ಶಬ್ದ ಕೇಳಿ ಅದು ಎಂಥದೆಂದು ಹೇಳುವುದು, ಅವರು ಪದ ಕೊಡುವುದು. ಶಬ್ದ ಅವರಿಗೆ ಕೇಳಿಸುತ್ತಿರಲಿಲ್ಲ, ನೆನಪಿತ್ತು. ದೋಣಿಯ ಹಗ್ಗ ಕಂಬಕ್ಕೆ ಉಜ್ಜುತ್ತದೆ ಎಂದರೆ, "ಒಣ ಹಗ್ಗವಾ, ಒದ್ದೆಯದ್ದಾ?" ಎಂದು ಕೇಳುತ್ತಿದ್ದರು. ಒದ್ದೆಯದು ಎಂದರೆ, "ಹಾಗಾದರೆ ಕಿರ್ರ್ ಅಲ್ಲ. ಗೊರಕ್ ಅಂತ ಬರಿ." ತಗಡಿನ ಮೇಲೆ ಮಳೆ ಶುರುವಾಗುವ ಸದ್ದಿಗೆ ಟಪ್ ಟಪ್, ಜೋರಾದ ಮೇಲೆ ಧೋ. ನೀರಲ್ಲಿ ಹುಟ್ಟು ಬಿದ್ದಾಗ ಛಳಕ್. ಒಮ್ಮೊಮ್ಮೆ ಪದ ಸಿಗದೆ ಕಣ್ಣು ಮುಚ್ಚಿ ಕೂರುತ್ತಿದ್ದರು, ತುಟಿ ಅಲುಗುತ್ತಿತ್ತು. "ಇದನ್ನೆಲ್ಲ ನೆನೆಸದೆ ಎಷ್ಟು ಕಾಲ ಆಯ್ತು ಮಾರಾಯ್ತಿ," ಎಂದರು ಒಂದು ಸಲ.

ಕಥೆಯ ಕೊನೆಯ ಹತ್ತಿರ ಒಂದು ದೃಶ್ಯವಿದೆ. ಹುಡುಗಿ ಇಳಿದುಕೊಂಡ ಮನೆಯ ಫೋನು ರಿಂಗಾಗುತ್ತದೆ. ಎತ್ತುತ್ತಾಳೆ, ಆ ಕಡೆಯಿಂದ ಮಾತಿಲ್ಲ. ಹಿಂದಿ ಹಾಳೆಯಲ್ಲಿ 'ಖಾಮೋಶಿ' ಎಂದಿತ್ತು, ಏಜೆನ್ಸಿ 'ಮೌನ' ಎಂದು ಹಾಕಿತ್ತು. ತಪ್ಪೇನಿಲ್ಲ ಎಂದು ನಾನು ಮುಂದೆ ಹೋಗಲಿದ್ದೆ. ಅತ್ತಿಗೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಮೌನ ಅಲ್ಲ ಇದು. ಲೈನಿನಲ್ಲಿ ಜನ ಉಂಟು."

"ಏನೂ ಮಾತಿಲ್ರಿ ಅತ್ತಿಗೆ."

"ಹುಡುಗಿಯನ್ನು ನೋಡು. ಹಲೋ ಹಲೋ ಅಂತ ಎರಡನೇ ಸಲ ಹೇಳ್ತಾ ಇಲ್ಲ. ಫೋನು ಇಡ್ತಾ ಇಲ್ಲ. ಲೈನು ಸತ್ತರೆ ಯಾರೂ ಹೀಗೆ ನಿಲ್ಲುದಿಲ್ಲ. ಆ ಕಡೆ ಯಾರೋ ಉಸಿರು ಬಿಡ್ತಾ ಇದ್ದಾರೆ, ಅದು ಇವಳಿಗೆ ಕೇಳ್ತಾ ಉಂಟು. ನನಗೆ ಎಷ್ಟು ಜನ ಹಾಗೆ ಫೋನು ಮಾಡಿ ಸುಮ್ಮನೆ ಇದ್ದಾರೆ ಗೊತ್ತುಂಟಾ? ಕಾರ್ಖಾನೆಯಲ್ಲಿ ಏನಾದರೂ ಆದರೆ ಮನೆಯವರು ಫೋನು ಮಾಡ್ತಾರೆ, ಕೇಳ್ಲಿಕ್ಕೆ ಧೈರ್ಯ ಇಲ್ಲ. ನಾನು ಕಟ್ ಮಾಡ್ತಿರಲಿಲ್ಲ. ಕಾಯ್ತಿದ್ದೆ."

ಮಗಳನ್ನು ಕರೆದೆ. ಅವಳು ಹೆಡ್‌ಫೋನ್ ಹಾಕಿಕೊಂಡು, ಸೌಂಡ್ ಪೂರ್ತಿ ಏರಿಸಿ ಕೇಳಿದಳು. ಸ್ವಲ್ಪ ಹೊತ್ತಾದ ಮೇಲೆ ಅವಳ ಮುಖ ಬದಲಾಯಿತು. ಅತ್ತಿಗೆಯ ಕಡೆ ತಿರುಗಿ, ಬಾಯಿ ದೊಡ್ಡದು ಮಾಡಿ ಹೇಳಿದಳು, "ಅತ್ತೆ. ಇದೆ. ಉಸಿರು ಇದೆ."

ಅತ್ತಿಗೆ ತಲೆಯಾಡಿಸಿದರು, ಅಷ್ಟೆ. ಆಮೇಲೆ ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ನಾನು ಅಲ್ಲಿ 'ಫೋನಿನಲ್ಲಿ ಯಾರದೋ ಉಸಿರು' ಎಂದು ಬರೆದೆ. ಆಫೀಸಿನಲ್ಲಿ ಅದನ್ನು ನೋಡಿದ ಸೌಂಡಿನ ಹುಡುಗ, ಅದು ಅಷ್ಟು ಸಣ್ಣದಾಗಿ ಕೇಳಲಿ ಎಂದೇ ಇಟ್ಟಿದ್ದು, ಯಾರಿಗೂ ಗೊತ್ತಾಗಿರಲಿಲ್ಲ ಎಂದ. ಮುಖ್ಯಸ್ಥ ಹಿಂದಿ, ಮರಾಠಿ, ತಮಿಳಿನಲ್ಲೂ ಆ ಸಾಲನ್ನು ಹಾಗೆಯೇ ಮಾಡಿಸಿದ.

ಆಟ ಹೊರಬಂತು. ಕನ್ನಡದಲ್ಲಿ ಆಡಿದವರು ಕಂಪನಿಯವರು ಎಣಿಸಿದಷ್ಟು ಇರಲಿಲ್ಲ. ಮೆನು ಇಂಗ್ಲಿಷಿನಲ್ಲೇ ಇದ್ದರೆ ಸಲೀಸು ಎಂದು ಬರೆದವರೂ ಇದ್ದರು. ಮುಂದಿನ ಆಟಕ್ಕೆ ಕನ್ನಡ ಬೇಡವೆಂದು ತೀರ್ಮಾನವಾಗಿ ನನ್ನ ಕೆಲಸವೂ ಮುಗಿಯಿತು. ಬೇಸರವಾಯಿತು, ಇಲ್ಲವೆನ್ನಲಾರೆ. ಶಬ್ದ ತೋರಿಸುವ ಆಯ್ಕೆಯನ್ನು ಮಾತ್ರ ಅವರು ಮುಂದಿನ ಆಟದಲ್ಲೂ ಇಟ್ಟರು ಎಂದು ಮುಖ್ಯಸ್ಥನೇ ಮೆಸೇಜು ಮಾಡಿದ, 'ಮಾವಶಿಗೆ ಹೇಳಿ' ಎಂದು.

ಅತ್ತಿಗೆ ಆಟ ಮುಗಿಸಿದ ದಿನ ಊಟಕ್ಕೆ ಕೂತಾಗ ಸಿಟ್ಟಿನಲ್ಲಿದ್ದರು. ಕೊನೆಯಲ್ಲಿ ಅಣ್ಣ ಸಿಗುತ್ತಾನೆ, ಹುಡುಗಿ ಅವನನ್ನು ಅಪ್ಪಿಕೊಳ್ಳುತ್ತಾಳೆ.

"ಒಂದು ಮಾತು ಕೇಳಬೇಡವಾ ಅವನನ್ನು? ಅಷ್ಟು ಅಲೆದು, ನೆರೆಯಲ್ಲಿ ಸಿಕ್ಕಿ, ಮಂಜಲ್ಲಿ ಸಾಯುವ ಹಾಗಾಗಿ, ಸಿಕ್ಕಿದ ಕೂಡಲೇ ಅಪ್ಪಿಕೊಳ್ಳುದಾ?"

"ಅತ್ತೆ, ಅವನು ಸಾರಿ ಹೇಳಿದ್ನಲ್ಲ!" ಎಂದಳು ಮಗಳು, ತಟ್ಟೆ ಬಿಟ್ಟು ಎದ್ದು ಅವರ ಎಡಕ್ಕೆ ಬಂದು.

"ಎಲ್ಲಿ ಹೇಳಿದ್ದು? ನಾನು ಓದಲಿಲ್ಲ. ಓದಿಸು ನೋಡುವ."

ನನ್ನ ಗಂಡ ತುತ್ತು ಕೈಯಲ್ಲೇ ಹಿಡಿದು ಒಮ್ಮೆ ಅಕ್ಕನನ್ನು, ಒಮ್ಮೆ ಮಗಳನ್ನು ನೋಡುತ್ತಿದ್ದರು. "ಯಾರು ಆ ಅಣ್ಣ? ಯಾವ ಊರಿನವ?" ಎಂದು ಕೇಳಿದರು. ಇಬ್ಬರೂ ಅವರ ಮಾತಿಗೆ ಕಿವಿಗೊಡಲಿಲ್ಲ. ಮಗಳು ಫೋನು ತಂದಳು, ಆ ದೃಶ್ಯವನ್ನು ಮತ್ತೆ ಹಾಕಿದಳು, ಇಬ್ಬರೂ ಅನ್ನ ಆರುತ್ತಿದ್ದರೂ ಲೆಕ್ಕಿಸದೆ ಪರದೆಯ ಮೇಲೆ ಬಾಗಿದರು.